ಕಾಣುವುದು ಐದೇ ಸಾಲು

ಟಿ.ವಿ.ಯಲ್ಲಿ ವಾರ್ತೆ ಓದುವವರು ನೋಡುತ್ತಿರುವುದು ನಮ್ಮನ್ನಲ್ಲ ಎಂಬುದು ಈಗ ಎಲ್ಲರಿಗೂ ಗೊತ್ತು. ಕ್ಯಾಮೆರಾದ ಲೆನ್ಸಿನ ಮುಂದೆ ನಲವತ್ತೈದು ಡಿಗ್ರಿ ಓರೆಯಾಗಿ ಒಂದು ಗಾಜು ನಿಂತಿರುತ್ತದೆ. ಅದರ ಕೆಳಗೆ ಮುಖ ಮೇಲಾಗಿ ಮಲಗಿಸಿದ ಒಂದು ಮಾನಿಟರ್. ಮಾನಿಟರಿನಲ್ಲಿ ಅಕ್ಷರಗಳು ಎಡಬಲ ತಿರುಗುಮುರುಗಾಗಿ ಓಡುತ್ತವೆ, ಗಾಜಿನಲ್ಲಿ ಪ್ರತಿಫಲಿಸಿದಾಗ ನೆಟ್ಟಗಾಗುತ್ತವೆ. ಓದುವವರಿಗೆ ಅಕ್ಷರ ಕಾಣುತ್ತದೆ, ಗಾಜಿನ ಹಿಂದಿರುವ ಲೆನ್ಸಿಗೆ ಓದುವವರ ಮುಖವಷ್ಟೇ ಕಾಣುತ್ತದೆ. ಕನ್ನಡ ಸುದ್ದಿಮನೆಗಳಲ್ಲಿ ಈ ಸಾಧನವನ್ನು ಟೆಲಿಪ್ರಾಂಪ್ಟರ್ ಎಂದು ಪೂರ್ತಿ ಹೆಸರಿಡಿದು ಕರೆಯುವವರು ಕಡಿಮೆ. ಎಲ್ಲರ ಬಾಯಲ್ಲೂ ಅದು ಟಿಪಿ.

ಗಾಜು, ಮಾನಿಟರ್, ಕ್ಯಾಮೆರಾಗಳನ್ನು ಒಮ್ಮೆ ಜೋಡಿಸಿಟ್ಟರೆ ವರ್ಷಗಟ್ಟಲೆ ನಡೆಯುತ್ತದೆ. ದಿನಾ ಕೈಕೊಡುವುದು ಅದರೊಳಗೆ ಓಡುವ ಬರಹ. ಪತ್ರಿಕೆಗೆ ಬರೆದ ಸುದ್ದಿಯನ್ನು ಹಾಗೇ ಟಿಪಿಗೆ ಹಾಕಿದರೆ ಎಂಥ ನುರಿತ ಆಂಕರ್ ಕೂಡ ಎಡವುತ್ತಾರೆ. ಓದುವ ಶಕ್ತಿ ಸಾಲದೆ ಹಾಗಾಗುತ್ತದೆ ಎಂದುಕೊಳ್ಳಬಾರದು. ಅವರಿಗೆ ಒಂದು ಸಲಕ್ಕೆ ಕಾಣುವುದೇ ನಾಲ್ಕೈದು ಸಾಲು.

ಇದರ ಲೆಕ್ಕ ಸರಳ. ಸ್ಟುಡಿಯೋದಲ್ಲಿ ಆಂಕರ್ ಮತ್ತು ಕ್ಯಾಮೆರಾದ ನಡುವೆ ಸುಮಾರು ಮೂರು ಮೀಟರ್ ಅಂತರವಿದೆ ಎಂದುಕೊಳ್ಳೋಣ. ಹದಿನೇಳು ಇಂಚಿನ, ಚೌಕಕ್ಕೆ ಹತ್ತಿರದ ಆಕಾರದ ಮಾನಿಟರ್ ಆದರೆ ಅಗಲ ಸುಮಾರು 34 ಸೆಂಟಿಮೀಟರ್, ಎತ್ತರ 27. ಅಷ್ಟು ದೂರದಿಂದ ಕಣ್ಣು ಕಿರಿದು ಮಾಡದೆ ಓದಬೇಕಾದರೆ ಅಕ್ಷರದ ಮೈ ಎರಡು ಸೆಂಟಿಮೀಟರಾದರೂ ಬೇಕು. ಮೇಲಿನ ಗುಡಿಸು, ಕೆಳಗಿನ ಒತ್ತಕ್ಷರ ಎಲ್ಲಕ್ಕೂ ಜಾಗ ಬಿಟ್ಟರೆ ಒಂದು ಸಾಲು ಐದು ಸೆಂಟಿಮೀಟರ್ ತಿನ್ನುತ್ತದೆ. ಹಾಗಾಗಿ ಇಪ್ಪತ್ತೇಳರಲ್ಲಿ ಐದು ಸಾಲು. ಅವುಗಳಲ್ಲೂ ಆಂಕರ್ ಆ ಕ್ಷಣಕ್ಕೆ ಓದುವುದು ಸಾಮಾನ್ಯವಾಗಿ ಎರಡನೆಯ ಸಾಲನ್ನು. ಪರದೆಯ ಎಡ ಅಂಚಿನಲ್ಲಿ ಒಂದು ಬಾಣದ ಗುರುತು ಇರುತ್ತದೆ, ಟಿಪಿ ಆಪರೇಟರ್ ಓದುತ್ತಿರುವ ಸಾಲನ್ನು ಅದರ ನೇರಕ್ಕೆ ಹಿಡಿದಿಡುತ್ತಾರೆ. ಓದಿ ಮುಗಿದದ್ದು ಮೇಲೆ ಒಂದು ಸಾಲು, ಮುಂದೆ ಬರುವುದು ಕೆಳಗೆ ಮೂರು ಸಾಲು. ಅಂದರೆ ಆಂಕರ್ ಯಾವ ಕ್ಷಣದಲ್ಲೂ ಮುಂದಿನ ಮೂರು ಸಾಲಿಗಿಂತ ಹೆಚ್ಚು ತಿಳಿದುಕೊಂಡಿರುವುದಿಲ್ಲ.

ಇಂಗ್ಲಿಷಿನಲ್ಲಿ ಇದು ಅಷ್ಟು ದೊಡ್ಡ ತೊಂದರೆಯಲ್ಲ. ಅಲ್ಲಿ ಯಾರು, ಏನು ಮಾಡಿದರು ಎಂಬುದು ವಾಕ್ಯದ ಆರಂಭದಲ್ಲೇ ಬಂದುಬಿಡುತ್ತದೆ, ಉಳಿದದ್ದು ಬಾಲ. ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಕೂತಿರುತ್ತದೆ. ಇದೆಯೋ ಇಲ್ಲವೋ, ಆಗಿದೆಯೋ ಆಗಲಿದೆಯೋ, ಇದು ಸತ್ಯವೋ ಯಾರೋ ಮಾಡಿದ ಆರೋಪವೋ, ಎಲ್ಲ ತೀರ್ಮಾನವಾಗುವುದು ಪೂರ್ಣವಿರಾಮದ ಹಿಂದಿನ ಪದದಲ್ಲಿ. ‘ಹೆಚ್ಚಿಸಲಾಗಿದೆ’ ಮತ್ತು ‘ಹೆಚ್ಚಿಸಲಾಗಿಲ್ಲ’ ಇವೆರಡಕ್ಕೂ ದನಿ ಬೇರೆ ಬೇಕು. ಆ ಪದ ಇನ್ನೂ ಪರದೆಯ ಕೆಳಗೆ ಅಡಗಿದ್ದರೆ ಆಂಕರ್ ಯಾವ ದನಿಯಲ್ಲಿ ಶುರು ಮಾಡಬೇಕು? ಸಪಾಟು ದನಿಯಲ್ಲಿ ಶುರು ಮಾಡುತ್ತಾರೆ. ಕೆಲವು ಬುಲೆಟಿನ್‌ಗಳು ಮೊದಲಿನಿಂದ ಕೊನೆಯವರೆಗೆ ಒಂದೇ ರಾಗದಲ್ಲಿ ಕೇಳಿಸುವುದಕ್ಕೆ ನಾವು ಆಂಕರ್‌ಗಳನ್ನು ಬೈಯುತ್ತೇವೆ. ಬೈಯಬೇಕಾದದ್ದು ಬಹುತೇಕ ಸಲ ಡೆಸ್ಕನ್ನು.

ಟಿಪಿಗೆ ಕನ್ನಡ ಬರೆಯುವವರು ಮೊದಲು ನೋಡಿಕೊಳ್ಳಬೇಕಾದದ್ದು ಇದು: ವಾಕ್ಯದ ಮೊದಲ ಪದ ಬಾಣದ ಎದುರಿಗೆ ಬಂದಾಗ ಅದರ ಕ್ರಿಯಾಪದವೂ ಪರದೆಯ ಮೇಲಿರಬೇಕು. ಹಾಗೆಂದರೆ ವಾಕ್ಯ ಹೆಚ್ಚೆಂದರೆ ನಾಲ್ಕು ಸಾಲು, ಮೂರಾದರೆ ಇನ್ನೂ ಒಳ್ಳೆಯದು. ಸಾಲಿನ ಉದ್ದ, ವಿರಾಮದ ಗುರುತು, ಅಕ್ಷರದ ಗಾತ್ರಗಳ ಮಾತೆಲ್ಲ ಇದಾದ ಮೇಲೆ.

ಉದಾಹರಣೆಗೆ ಮಳೆಗಾಲದಲ್ಲಿ ಪ್ರತಿ ವರ್ಷ ಬರುವ ಬಗೆಯ ಒಂದು ಸುದ್ದಿಯನ್ನು ಅಭ್ಯಾಸಕ್ಕೆಂದು ಬರೆದುಕೊಳ್ಳೋಣ. ಕೆಆರ್‌ಎಸ್ ಜಲಾಶಯದ ಗರಿಷ್ಠ ಮಟ್ಟ 124.80 ಅಡಿ ಎಂಬುದು ಮಾತ್ರ ಇದರಲ್ಲಿ ನಿಜ, ಉಳಿದ ಅಂಕಿಗಳು ನಾನು ಇಟ್ಟವು. ಕಾಪಿ ಹೀಗೆ ಬರುತ್ತದೆ:

“ಕೊಡಗು ಜಿಲ್ಲೆಯಾದ್ಯಂತ ಕಳೆದ ಮೂರು ದಿನಗಳಿಂದ ಸುರಿಯುತ್ತಿರುವ ಭಾರಿ ಮಳೆಯ ಹಿನ್ನೆಲೆಯಲ್ಲಿ ಗರಿಷ್ಠ 124.80 ಅಡಿ ಸಾಮರ್ಥ್ಯದ ಕೆಆರ್‌ಎಸ್ ಜಲಾಶಯದ ನೀರಿನ ಮಟ್ಟ 121.35 ಅಡಿಗೆ ಏರಿಕೆಯಾಗಿದ್ದು, ಯಾವುದೇ ಕ್ಷಣದಲ್ಲಿ 50,000 ಕ್ಯೂಸೆಕ್‌ಗೂ ಅಧಿಕ ನೀರನ್ನು ಹೊರಬಿಡುವ ಸಾಧ್ಯತೆಯಿರುವುದರಿಂದ ನದಿಪಾತ್ರದ ಜನರು ಸುರಕ್ಷಿತ ಸ್ಥಳಗಳಿಗೆ ತೆರಳಬೇಕೆಂದು ಕಾವೇರಿ ನೀರಾವರಿ ನಿಗಮದ ಅಧಿಕಾರಿಗಳು ಮನವಿ ಮಾಡಿದ್ದಾರೆ.”

ವ್ಯಾಕರಣ ಸರಿಯಾಗಿದೆ. ಪತ್ರಿಕೆಯಲ್ಲಿ ಅಚ್ಚಾದರೆ ಯಾರೂ ಆಕ್ಷೇಪಿಸುವುದಿಲ್ಲ. ಆದರೆ 39 ಪದಗಳ ಈ ಒಂದೇ ವಾಕ್ಯ ಟಿಪಿಯಲ್ಲಿ ಸುಮಾರು ಹದಿನಾಲ್ಕು ಸಾಲಾಗುತ್ತದೆ. ಆಂಕರ್ ‘ಕೊಡಗು’ ಎನ್ನುವಾಗ ‘ಮನವಿ ಮಾಡಿದ್ದಾರೆ’ ಎಂಬುದು ಹತ್ತು ಸಾಲು ಕೆಳಗೆ ಕತ್ತಲೆಯಲ್ಲಿದೆ. ‘ಏರಿಕೆಯಾಗಿದ್ದು’ ಬಂದ ಕೂಡಲೇ ವಾಕ್ಯ ಮುಗಿಯಿತೆಂದು ಅವರ ದನಿ ಇಳಿಯುತ್ತದೆ, ಕೆಳಗೆ ಮತ್ತೆ ಸಾಲುಗಳು ಏರಿ ಬರುವುದನ್ನು ಕಂಡು ಅವಸರವಾಗಿ ಎತ್ತಿಕೊಳ್ಳುತ್ತಾರೆ. ಉಸಿರು ಎಲ್ಲೋ ‘ಸಾಧ್ಯತೆಯಿರುವುದರಿಂದ’ ಎಂಬುದರ ಮಧ್ಯದಲ್ಲಿ ಮುಗಿಯುತ್ತದೆ. ಇದಕ್ಕಿಂತ ದೊಡ್ಡ ದೋಷವೆಂದರೆ, ನದಿದಂಡೆಯಲ್ಲಿ ಕೂತು ಟಿ.ವಿ. ನೋಡುತ್ತಿರುವವನಿಗೆ ‘ಅಲ್ಲಿಂದ ಏಳು’ ಎಂಬ ಸುದ್ದಿ ತಲುಪುವುದು ಎಲ್ಲದರ ಕೊನೆಗೆ.

ಇದನ್ನೇ ಟಿಪಿಗೆ ಒಗ್ಗಿಸಿದರೆ ಪರದೆಯ ಮೇಲೆ ಹೀಗಿರುತ್ತದೆ:

```
ಕಾವೇರಿ ನೀರಾವರಿ ನಿಗಮದ
ಎಚ್ಚರಿಕೆ. //

ನದಿ ದಂಡೆಯ ಜನ /
ಸುರಕ್ಷಿತ ಜಾಗಕ್ಕೆ
ತೆರಳಬೇಕು. //

ಕೆ-ಆರ್-ಎಸ್ ಜಲಾಶಯದಿಂದ /
ಯಾವ ಕ್ಷಣದಲ್ಲಾದರೂ
ನೀರು ಬಿಡಬಹುದು. //

ಕೊಡಗಿನಲ್ಲಿ
ಮೂರು ದಿನದಿಂದ
ಭಾರಿ ಮಳೆ. //

ನೀರಿನ ಮಟ್ಟ /
121 ಅಡಿ ದಾಟಿದೆ. //

ಜಲಾಶಯ ತುಂಬಲು ಇನ್ನು /
ಮೂರೂವರೆ ಅಡಿ ಸಾಕು. //

ಬಿಡುವ ನೀರು /
50 ಸಾವಿರ ಕ್ಯೂಸೆಕ್
ಮೀರಬಹುದು. //
```

ಪದಗಳನ್ನು ಎಣಿಸಿ ನೋಡಿದರೆ 38. ಕಡಿಮೆಯಾದದ್ದು ಒಂದೇ ಪದ. ಆದರೆ ಒಂದಿದ್ದ ವಾಕ್ಯ ಏಳಾಗಿದೆ, ಯಾವುದೂ ಮೂರು ಸಾಲು ಮೀರಿಲ್ಲ. ಎಚ್ಚರಿಕೆ ಮೇಲಕ್ಕೆ ಬಂದಿದೆ. ಯಾರ ಎಚ್ಚರಿಕೆ ಎಂಬುದು ಅದಕ್ಕಿಂತಲೂ ಮೊದಲು ಬಂದಿದೆ. 124.80 ಮತ್ತು 121.35 ಎಂಬ ಎರಡು ಅಂಕಿ ಕೇಳಿ ಮನಸ್ಸಿನಲ್ಲೇ ಕಳೆಯುವ ಕೆಲಸವನ್ನು ಕೇಳುಗರಿಗೆ ಕೊಡದೆ ಡೆಸ್ಕೇ ಕಳೆದು ಮೂರೂವರೆ ಅಡಿ ಎಂದಿದೆ. ದಶಾಂಶಗಳು ಬೇಕಾದವರಿಗೆ ಪರದೆಯ ಕೆಳಗಿನ ಗ್ರಾಫಿಕ್ಸ್ ಪಟ್ಟಿ ಇದ್ದೇ ಇದೆ.

ಯಾರು ಹೇಳಿದ್ದು ಎಂಬುದನ್ನು ಮುಂದಕ್ಕೆ ತರುವ ಈ ಕೆಲಸ ಮಳೆ ಸುದ್ದಿಯಲ್ಲಿ ಅನುಕೂಲಕ್ಕಾಗಿ ಇದ್ದರೆ, ಆರೋಪದ ಸುದ್ದಿಯಲ್ಲಿ ಕಡ್ಡಾಯ. “ಸಚಿವರು ಲಂಚ ಪಡೆದಿದ್ದಾರೆ ಎಂದು ವಿರೋಧ ಪಕ್ಷದ ನಾಯಕರು ಆರೋಪಿಸಿದ್ದಾರೆ” ಎಂಬ ವಾಕ್ಯದಲ್ಲಿ ಮೊದಲ ಮೂರು ಪದಗಳು ಒಂದು ಸಾಲಾಗಿ, ‘ಎಂದು’ ಮುಂದಿನ ಸಾಲಿಗೆ ಇಳಿದರೆ ಆಂಕರ್ ಒಂದು ಕ್ಷಣ ತಾವೇ ತೀರ್ಪು ಕೊಟ್ಟಂತೆ ಕೇಳಿಸುತ್ತದೆ. “ವಿರೋಧ ಪಕ್ಷದ ಆರೋಪ ಇದು” ಎಂದು ಶುರು ಮಾಡಿದರೆ ಆ ಅಪಾಯವೇ ಇಲ್ಲ.

ಇನ್ನು ಸಾಲಿನ ಉದ್ದ. ಮಾನಿಟರಿನ ಅಗಲ 34 ಸೆಂಟಿಮೀಟರ್ ಇದೆಯೆಂದು ಅಂಚಿನಿಂದ ಅಂಚಿಗೆ ತುಂಬಿಸಿದರೆ ಓದುವ ಕಣ್ಣು ಎಡದಿಂದ ಬಲಕ್ಕೆ ಹೋಗಿ ಮತ್ತೆ ಎಡಕ್ಕೆ ಹಾರುವುದು ನೋಡುವವರಿಗೆ ಕಾಣುತ್ತದೆ. ಮೂರು ಮೀಟರ್ ದೂರದಲ್ಲಿ ಅಷ್ಟು ಅಗಲಕ್ಕೆ ಕಣ್ಣು ಆರೂವರೆ ಡಿಗ್ರಿ ತಿರುಗಬೇಕು. ಎರಡೂ ಬದಿಗೆ ಐದೈದು ಸೆಂಟಿಮೀಟರ್ ಅಂಚು ಬಿಟ್ಟು 24ಕ್ಕೆ ಇಳಿಸಿದರೆ ನಾಲ್ಕೂವರೆ ಡಿಗ್ರಿಗೆ ಇಳಿಯುತ್ತದೆ. ಆಗ ಕಣ್ಣು ಸಾಲಿನ ನಡುವೆ ನಿಂತುಕೊಂಡೇ ಎರಡು ತುದಿಯನ್ನೂ ಹೆಚ್ಚುಕಡಿಮೆ ಹಿಡಿಯುತ್ತದೆ. ಕ್ಯಾಮೆರಾವನ್ನು ಒಂದೂವರೆ ಮೀಟರಿಗೆ ಹತ್ತಿರ ತಂದರೆ ಈ ಕೋನ ಇಮ್ಮಡಿಯಾಗುತ್ತದೆ. ಮನೆಯಲ್ಲಿ ಫೋನನ್ನೋ ಟ್ಯಾಬನ್ನೋ ಎದುರಿಗಿಟ್ಟು ಓದಿ ವೀಡಿಯೊ ಮಾಡುವವರ ಕಣ್ಣು ಗಡಿಯಾರದ ಲೋಲಕದಂತೆ ಆಡುವುದು ಇದರಿಂದಲೇ. ಅವರು ಅಕ್ಷರ ದೊಡ್ಡದು ಮಾಡುವ ಬದಲು ಸಾಧನವನ್ನು ಇನ್ನಷ್ಟು ಹತ್ತಿರ ಎಳೆದುಕೊಳ್ಳುತ್ತಾರೆ. ಮಾಡಬೇಕಾದದ್ದು ತಿರುಗು: ದೂರ ಇಡಬೇಕು, ಅಕ್ಷರ ಹಿಗ್ಗಿಸಬೇಕು, ಸಾಲು ಕುಗ್ಗಿಸಬೇಕು. ಸಾಲು ಸರಿಯಿದೆಯೇ ಎಂದು ತಿಳಿಯಲು ಒಂದು ನಿಮಿಷ ರೆಕಾರ್ಡ್ ಮಾಡಿ, ದನಿ ಮುಚ್ಚಿ ನೋಡಿದರೆ ಸಾಕು. ದನಿಯಿಲ್ಲದಾಗ ಕಣ್ಣಿನ ಓಡಾಟ ಎದ್ದು ಕಾಣುತ್ತದೆ.

ಇಂಗ್ಲಿಷ್ ಟಿಪಿಗೆ ಸಾಲಿಗೆ ನಾಲ್ಕೈದು ಪದ ಎಂಬ ರೂಢಿ ಇದೆ. ಅದನ್ನು ಇಲ್ಲಿಗೆ ತಂದರೆ ನಡೆಯುವುದಿಲ್ಲ. ‘ಜಿಲ್ಲಾಧಿಕಾರಿಗಳೊಂದಿಗಿನ’ ಎಂಬ ಒಂದೇ ಪದ ಒಂದು ಸಾಲನ್ನು ನುಂಗಬಲ್ಲದು. ಕನ್ನಡದಲ್ಲಿ ಪದ ಎಣಿಸದೆ ಅಕ್ಷರ ಎಣಿಸಬೇಕು. ಮೇಲೆ ಹೇಳಿದ ಅಳತೆಯಲ್ಲಿ ಹತ್ತರಿಂದ ಹದಿನಾಲ್ಕು ಅಕ್ಷರ, ಅಂದರೆ ಎರಡು ಅಥವಾ ಮೂರು ಪದ. ಅಷ್ಟರಲ್ಲಿ ಎಲ್ಲಿ ಮುರಿಯಬೇಕು ಎಂಬುದು ಅಗಲಕ್ಕಿಂತ ಅರ್ಥಕ್ಕೆ ಬಿಟ್ಟದ್ದು. ಅಂಕಿ ಮತ್ತು ಅದರ ಅಳತೆ ಒಂದೇ ಸಾಲಿನಲ್ಲಿರಬೇಕು, ‘50 ಸಾವಿರ’ ಮೇಲೆ ಉಳಿದು ‘ಕ್ಯೂಸೆಕ್’ ಕೆಳಗೆ ಹೋಗಬಾರದು. ವ್ಯಕ್ತಿಯ ಹೆಸರನ್ನು ಎರಡು ಸಾಲಿಗೆ ಹರಿಯಬಾರದು. ‘ಮೇಲೆ’, ‘ಜೊತೆ’, ‘ಕುರಿತು’ ಇಂಥವು ತಮ್ಮ ನಾಮಪದವನ್ನು ಬಿಟ್ಟು ಕೆಳಗಿಳಿಯಬಾರದು. ‘ಇಲ್ಲ’, ‘ಅಲ್ಲ’, ‘ಬೇಡ’ಗಳಂತೂ ಯಾವ ಕಾರಣಕ್ಕೂ ಒಂಟಿಯಾಗಿ ಮುಂದಿನ ಸಾಲಿಗೆ ಬೀಳಬಾರದು. ಪದವನ್ನು ಗೆರೆ ಹಾಕಿ ಅರ್ಧ ಮುರಿಯುವ ಮಾತೇ ಇಲ್ಲ.

ಇಲ್ಲೊಂದು ಬಲೆ ಇದೆ. ಡೆಸ್ಕಿನವರು ಪ್ರತಿ ಸಾಲಿನ ಕೊನೆಗೆ ಎಂಟರ್ ಒತ್ತಿ ಚೆಂದವಾಗಿ ಜೋಡಿಸಿ ಕಳಿಸುತ್ತಾರೆ. ಸಂಜೆಯ ಪಾಳಿಯ ಆಂಕರ್ ಬಂದು “ಅಕ್ಷರ ಸ್ವಲ್ಪ ದೊಡ್ಡದು ಮಾಡಿ ಸಾರ್” ಎನ್ನುತ್ತಾರೆ. ಆಪರೇಟರ್ ಹಿಗ್ಗಿಸಿದ ಕೂಡಲೇ ಅಂಚಿಗೆ ತಾಗಿಕೊಂಡಿದ್ದ ಸಾಲಿನ ಕೊನೆಯ ಪದ ಕೆಳಗೆ ಬೀಳುತ್ತದೆ, ಅದರ ಕೆಳಗೆ ನಾವು ಹಾಕಿದ ಎಂಟರ್ ಇನ್ನೊಂದು ಹೊಸ ಸಾಲು ತೆರೆಯುತ್ತದೆ. ಒಂದು ಉದ್ದ ಸಾಲು, ಒಂದು ಒಂಟಿ ಪದ, ಮತ್ತೆ ಉದ್ದ ಸಾಲು ಎಂದು ಪರದೆ ಹರಿದ ಬಾಚಣಿಗೆಯಾಗುತ್ತದೆ. ಆದ್ದರಿಂದ ಮೊದಲು ಗಾತ್ರ ನಿಶ್ಚಯಿಸಬೇಕು, ಆಮೇಲೆ ಸಾಲು ಮುರಿಯಬೇಕು. ಅದೂ ಸಿಗುವ ಅಗಲದ ಮುಕ್ಕಾಲು ಭಾಗಕ್ಕೇ ಮುರಿದರೆ ಯಾರಾದರೂ ಸ್ವಲ್ಪ ಹಿಗ್ಗಿಸಿದರೂ ಸಾಲು ಒಡೆಯುವುದಿಲ್ಲ.

ಗಾತ್ರ ನಿಶ್ಚಯಿಸುವುದಕ್ಕೆ ಪಾಯಿಂಟ್ ಅಂಕಿಗಳ ಪಟ್ಟಿಯನ್ನು ನಾನು ನಂಬುವುದಿಲ್ಲ. ಒಂದೊಂದು ಫಾಂಟಿನಲ್ಲಿ ಅದೇ ಅಂಕಿಗೆ ಅಕ್ಷರದ ಮೈ ಬೇರೆ ಬೇರೆ ಗಾತ್ರದಲ್ಲಿರುತ್ತದೆ. ಆಂಕರನ್ನು ಅವರ ಕುರ್ಚಿಯಲ್ಲೇ ಕೂರಿಸಿ, ಸ್ಟುಡಿಯೋದ ದೀಪಗಳನ್ನೆಲ್ಲ ಹಾಕಿ, ಪರದೆಯ ಮೇಲೆ ‘ಫಲಿತಾಂಶ, ಪಾಲಕರು, ಥಳಿತ, ಧರ್ಮ, ದರ, ರಾಷ್ಟ್ರ, ಸ್ತ್ರೀ’ ಎಂಬ ಪದಗಳನ್ನು ಓಡಿಸಿ ಓದಿಸಬೇಕು. ಕುತ್ತಿಗೆ ಮುಂದಕ್ಕೆ ಬಂದರೆ ಅಥವಾ ಹುಬ್ಬು ಗಂಟಿಕ್ಕಿದರೆ ಅಕ್ಷರ ಸಾಲದು. ಈ ಪದಗಳೇ ಏಕೆಂದರೆ, ಕನ್ನಡದಲ್ಲಿ ‘ಪ’ ಮತ್ತು ‘ಫ’, ‘ದ’ ಮತ್ತು ‘ಧ’, ‘ಬ’ ಮತ್ತು ‘ಭ’ ಬೇರೆಯಾಗುವುದು ಕೆಳಗಿನ ಒಂದು ಸಣ್ಣ ಸೀಳಿನಿಂದ. ‘ಥ’ ಬೇರೆಯಾಗುವುದು ಹೊಟ್ಟೆಯೊಳಗಿನ ಒಂದು ಚುಕ್ಕೆಯಿಂದ. ಟಿಪಿಯಲ್ಲಿ ಸಾಮಾನ್ಯವಾಗಿ ಕಪ್ಪು ಹಿನ್ನೆಲೆಯ ಮೇಲೆ ಬಿಳಿ ಅಕ್ಷರ. ಬಿಳಿ ಬೆಳಕು ಗಾಜಿನಲ್ಲಿ ಹರಡಿ ಇಂಥ ಸಣ್ಣ ಸಂದುಗಳನ್ನು ತುಂಬಿಬಿಡುತ್ತದೆ. ದಪ್ಪಗಿದ್ದರೆ ಚೆನ್ನಾಗಿ ಕಾಣುತ್ತದೆ ಎಂದು ಅತಿ ದಪ್ಪದ ಫಾಂಟ್ ಹಾಕಿದರೆ ‘ಧ’ ಹೋಗಿ ‘ದ’ ಆಗುತ್ತದೆ. ತೀರಾ ತೆಳುವಾದರೆ ದೂರಕ್ಕೆ ನಿಲ್ಲುವುದಿಲ್ಲ. ನೋಟೋ ಸ್ಯಾನ್ಸ್ ಕನ್ನಡದಂಥ, ಹಲವು ದಪ್ಪಗಳಲ್ಲಿ ಸಿಗುವ ಫಾಂಟಿನಲ್ಲಿ ನಡುವಿನದನ್ನು ಆರಿಸಿಕೊಂಡು ಹೊಳಪನ್ನು ಸ್ವಲ್ಪ ತಗ್ಗಿಸುವುದು ಮೇಲು.

ಸಾಲುಗಳ ನಡುವಿನ ಅಂತರದಲ್ಲೂ ಇಂಗ್ಲಿಷಿನ ಅಳತೆ ಸಾಲದು. ‘ರಾಷ್ಟ್ರ’ದಲ್ಲಿ ಎರಡು ಒತ್ತುಗಳು ಒಂದರ ಕೆಳಗೊಂದು ಇಳಿಯುತ್ತವೆ, ಕೆಳಗಿನ ಸಾಲಿನಲ್ಲಿ ‘ಸ್ತ್ರೀ’ಯ ಗುಡಿಸು ಮೇಲೇರುತ್ತದೆ. ಎರಡೂ ತಾಗಿದರೆ ಓದುವವರು ಅಲ್ಲಿ ಅರೆಗಳಿಗೆ ನಿಲ್ಲುತ್ತಾರೆ. ಇದೇ ಕಾರಣಕ್ಕೆ ಕನ್ನಡ ಟಿಪಿಯಲ್ಲಿ ಒತ್ತಿ ಹೇಳಬೇಕಾದ ಪದಕ್ಕೆ ಅಡಿಗೆರೆ ಎಳೆಯಬಾರದು. ಗೆರೆ ಒತ್ತಕ್ಷರವನ್ನು ಸೀಳಿಕೊಂಡು ಹೋಗುತ್ತದೆ. ಇಂಗ್ಲಿಷಿನವರಿಗೆ ದೊಡ್ಡಕ್ಷರಗಳಿವೆ, ನಮಗಿಲ್ಲ. ಹಳದಿ ಬಣ್ಣವೊಂದೇ ನಮಗೆ ಉಳಿದ ದಾರಿ. ಅದನ್ನೂ ಒಂದು ಸುದ್ದಿಗೆ ಒಂದೋ ಎರಡೋ ಪದಕ್ಕೆ ಮೀಸಲಿಡಬೇಕು.

ವಿರಾಮದ ಗುರುತುಗಳಿಗೆ ಬರೋಣ. ಮೇಲಿನ ಮಾದರಿಯಲ್ಲಿ ಒಂದು ಓರೆಗೆರೆ ಎಂದರೆ ದನಿ ಇಳಿಸದೆ ಒಂದು ಚಿಕ್ಕ ತಡೆ, ಎರಡು ಎಂದರೆ ಉಸಿರು ತೆಗೆದುಕೊಳ್ಳುವಷ್ಟು ಜಾಗ. ಅಲ್ಪವಿರಾಮವೇ ಇರುವಾಗ ಇದೇಕೆ ಎಂದರೆ, ಅಲ್ಪವಿರಾಮ ಮೂರು ಮೀಟರ್ ದೂರಕ್ಕೆ ಕಾಣುವುದಿಲ್ಲ, ಕಂಡರೂ ಒತ್ತಿನ ಬಾಲದಂತೆ ಕಾಣುತ್ತದೆ. ಇನ್ನೊಂದು ಕಾರಣವೂ ಇದೆ: ವ್ಯಾಕರಣ ಕೇಳುವ ಜಾಗದಲ್ಲೆಲ್ಲ ಬಾಯಿ ನಿಲ್ಲುವುದಿಲ್ಲ, ಬಾಯಿ ನಿಲ್ಲಬೇಕಾದ ಕಡೆ ವ್ಯಾಕರಣಕ್ಕೆ ಗುರುತು ಬೇಕಿರುವುದಿಲ್ಲ. ‘ನೀರಿನ ಮಟ್ಟ’ದ ನಂತರ ಯಾವ ಲೇಖಕನೂ ಅಲ್ಪವಿರಾಮ ಹಾಕನು, ಆದರೆ ಅಂಕಿ ಬರುವ ಮುನ್ನ ಕಿವಿಗೆ ಒಂದು ಕ್ಷಣ ಬೇಕು. ಓರೆಗೆರೆಯನ್ನು ಅಂಕಿಯ ಮುಂಚೆ, ಹೊಸ ಹೆಸರಿನ ಮುಂಚೆ, ಎರಡು ಪದ ಅಂಟಿಕೊಂಡು ಬೇರೆ ಅರ್ಥ ಕೊಡುವ ಕಡೆ ಹಾಕಬೇಕು. ಎಲ್ಲ ಕಡೆ ಹಾಕಿದರೆ ಆಂಕರ್ ಎರಡು ದಿನದಲ್ಲಿ ಅದನ್ನು ನೋಡುವುದನ್ನೇ ಬಿಡುತ್ತಾರೆ.

ಗುರುತು ಗುರುತಾಗಿಯೇ ಇರಬೇಕು, ಪದವಾಗಬಾರದು. 2024ರ ಏಪ್ರಿಲ್‌ನಲ್ಲಿ ವಾಷಿಂಗ್ಟನ್ನಿನಲ್ಲಿ ಕಟ್ಟಡ ಕಾರ್ಮಿಕ ಸಂಘಗಳ ಸಮಾವೇಶದಲ್ಲಿ ಮಾತನಾಡುತ್ತಿದ್ದ ಅಮೆರಿಕದ ಅಂದಿನ ಅಧ್ಯಕ್ಷ ಜೋ ಬೈಡನ್, ಇನ್ನೂ ನಾಲ್ಕು ವರ್ಷ ಎಂಬರ್ಥದ ಮಾತು ಹೇಳಿ, ಅದರ ಹಿಂದೆಯೇ ‘ಪಾಸ್’ ಎಂದರು. ಸಭಿಕರ ಘೋಷಣೆಗಾಗಿ ಅಲ್ಲಿ ನಿಲ್ಲಿ ಎಂಬ ಸೂಚನೆ ಅದು. ಜಗತ್ತೆಲ್ಲ ನಕ್ಕಿತು. ವಯಸ್ಸಿನ ಮಾತು ಎಷ್ಟು ನಿಜವೋ ನಾನರಿಯೆ, ಆದರೆ ಸೂಚನೆಯನ್ನು ಭಾಷಣದ ಅಕ್ಷರದಲ್ಲೇ, ಭಾಷಣದ ಸಾಲಿನಲ್ಲೇ ಬರೆದರೆ ಯಾರಾದರೂ ಓದಿಯಾರು. ಟಿಪಿಯ ಮುಂದೆ ಕಣ್ಣಿಗೂ ಬಾಯಿಗೂ ನೇರ ದಾರಿ, ನಡುವೆ ಯೋಚನೆಗೆ ಸಮಯವಿಲ್ಲ. ‘ಬೈಟ್’, ‘ಪ್ಯಾಕೇಜ್’, ‘ಕ್ಯಾಮೆರಾ ಎರಡು’ ಮುಂತಾದ ಸೂಚನೆಗಳನ್ನು ಬೇರೆ ಬಣ್ಣದ ಪಟ್ಟಿಯೊಳಗೆ, ಬೇರೆ ಸಾಲಿನಲ್ಲಿ, ಚೌಕಾಕಾರದ ಕಂಸ ಹಾಕಿ ಇಡುವುದು ಇದಕ್ಕೇ. ಅದೇ ಬಣ್ಣವನ್ನು ಒತ್ತಿ ಹೇಳುವ ಪದಕ್ಕೂ ಬಳಸಿದರೆ ಮತ್ತೆ ಗೊಂದಲ.

ಬಿಂದುಗಳೂ ಇದೇ ಜಾತಿಯ ಅಪಾಯ. ‘ಡಾ.’, ‘ರೂ.’, ‘ಕಿ.ಮೀ.’, ‘ಶೇ.’ ಇವುಗಳಲ್ಲಿರುವ ಬಿಂದುವನ್ನು ಕಣ್ಣು ಪೂರ್ಣವಿರಾಮವೆಂದುಕೊಂಡು ದನಿ ಇಳಿಸುತ್ತದೆ. ಎಲ್ಲವನ್ನೂ ಬಿಡಿಸಿ ‘ಡಾಕ್ಟರ್’, ‘ರೂಪಾಯಿ’, ‘ಕಿಲೋಮೀಟರ್’, ‘ಶೇಕಡಾ’ ಎಂದೇ ಬರೆಯಬೇಕು. ಹಣದ ಮೊತ್ತದಲ್ಲಿ ಇನ್ನೊಂದು ತೊಡಕು: ₹1,27,45,000 ಎಂದು ಬರೆದರೆ ಬಾಯಿ ಕೊನೆಗೆ ಹೇಳಬೇಕಾದ ರೂಪಾಯಿ ಕಣ್ಣಿಗೆ ಮೊದಲು ಬರುತ್ತದೆ, ಜೊತೆಗೆ ಅಂಕಿಗಳನ್ನು ಬಲದಿಂದ ಎಣಿಸಿದ ಮೇಲಷ್ಟೇ ಕೋಟಿಯೋ ಲಕ್ಷವೋ ತಿಳಿಯುತ್ತದೆ. ‘ಒಂದು ಕೋಟಿ 27 ಲಕ್ಷ ರೂಪಾಯಿ’ ಎಂದರೆ ಮುಗಿಯಿತು. ನೇರ ಪ್ರಸಾರದಲ್ಲಿ ಕೇಳುವವರಿಗೆ ಮಿಕ್ಕ 45 ಸಾವಿರ ಬೇಕಿರುವುದು ಅಪರೂಪ. ಹೆಸರಿನ ಮೊದಲಕ್ಷರಗಳನ್ನು ಜೋಡಿಸಿದ ಪದಗಳಲ್ಲಿ ಬಿಡಿಬಿಡಿಯಾಗಿ ಹೇಳುವವಕ್ಕೆ ನಡುವೆ ಅಡ್ಡಗೆರೆ, ಒಂದೇ ಪದವಾಗಿ ಹೇಳುವವಕ್ಕೆ ಇಲ್ಲ: ಕೆ-ಆರ್-ಎಸ್, ಆದರೆ ಇಸ್ರೋ, ನಿಮ್ಹಾನ್ಸ್.

ಉಚ್ಚಾರಣೆಯ ಸುಳಿವಿನ ವಿಷಯದಲ್ಲಿ ಕನ್ನಡ ಅದೃಷ್ಟವಂತ ಎಂದು ತೋರುತ್ತದೆ. ಬರೆದಂತೆ ಓದುವ ಲಿಪಿ, ಇನ್ನೇನು ಸುಳಿವು? ಆದರೆ ಸುದ್ದಿ ನಮಗೆ ಬರುವುದು ಬಹುಪಾಲು ಇಂಗ್ಲಿಷ್ ಏಜೆನ್ಸಿಯ ಮೂಲಕ. ಇಂಗ್ಲಿಷ್ ಅಕ್ಷರದಲ್ಲಿ ಹ್ರಸ್ವ ದೀರ್ಘ ಅಳಿಸಿಹೋಗಿರುತ್ತವೆ, ‘ತ’ ಮತ್ತು ‘ಥ’, ‘ನ’ ಮತ್ತು ‘ಣ’ ಒಂದಾಗಿರುತ್ತವೆ. ಬೆಂಗಳೂರಿನಲ್ಲಿ ಕೂತ ಹೊಸಬರು ಅದನ್ನು ಕನ್ನಡಕ್ಕಿಳಿಸಿದರೆ ಅಥಣಿ ‘ಅತಾನಿ’ಯಾಗುತ್ತದೆ, ಹುನಗುಂದ ‘ಹಂಗುಂದ್’ ಆಗುತ್ತದೆ, ಶಿರಸಿ ‘ಸಿರ್ಸಿ’ಯಾಗುತ್ತದೆ, ಮುಳಬಾಗಿಲು ‘ಮುಲ್ಬಾಗಲ್’ ಆಗುತ್ತದೆ. ವಿದೇಶದ ಹೆಸರು ತಪ್ಪಿದರೆ ಫೋನ್ ಬರುವುದಿಲ್ಲ. ಅಥಣಿ ತಪ್ಪಿದರೆ ಬುಲೆಟಿನ್ ಮುಗಿಯುವ ಮೊದಲೇ ಬರುತ್ತದೆ. ಪ್ರತಿ ಡೆಸ್ಕಿನಲ್ಲೂ ಜಿಲ್ಲಾ ವರದಿಗಾರರು ತಿದ್ದಿಕೊಟ್ಟ ಊರ ಹೆಸರುಗಳ ಒಂದು ಪಟ್ಟಿ ಗೋಡೆಗೆ ಅಂಟಿರಬೇಕೆಂದು ನಾನು ವಾದಿಸುವುದು ಇದಕ್ಕೆ.

ವಿದೇಶದ ಹೆಸರುಗಳಲ್ಲಿ ಕಾಗುಣಿತಕ್ಕೂ ಉಚ್ಚಾರಣೆಗೂ ಸಂಬಂಧ ಇನ್ನೂ ಕಡಿಮೆ. ಅಮೆರಿಕದ ಇಲಿನಾಯ್‌ಗೆ ಕೊನೆಯಲ್ಲಿ ‘ಸ್’ ಇಲ್ಲ, ಇಂಗ್ಲೆಂಡಿನ ಲೆಸ್ಟರ್‌ನಲ್ಲಿ ಬರೆದ ಅಕ್ಷರಗಳಲ್ಲಿ ಅರ್ಧ ಸದ್ದು ಮಾಡುವುದಿಲ್ಲ, ಪೋಲೆಂಡಿನ ಟೆನಿಸ್ ಆಟಗಾರ್ತಿ ಇಗಾ ಅವರ ಮನೆತನದ ಹೆಸರು ‘ಸ್ವಿಯಾಟೆಕ್’ ಅಲ್ಲ, ‘ಶ್ವಿಯೋಂಟೆಕ್’ಗೆ ಹತ್ತಿರ. ಇಂಥಲ್ಲಿ ಸುಳಿವನ್ನು ಹೆಸರಿನ ಪಕ್ಕ ಕಂಸದಲ್ಲಿ ಕೊಡುವ ಅಭ್ಯಾಸ ಹಲವರಿಗಿದೆ. ಟಿಪಿಯಲ್ಲಿ ಅದು ಬೇಡ, ಆಂಕರ್ ಎರಡನ್ನೂ ಓದುತ್ತಾರೆ. ಹೇಳಬೇಕಾದ ರೂಪವೊಂದೇ ಪರದೆಯ ಮೇಲಿರಲಿ, ಬಳಕೆಯ ಕಾಗುಣಿತ ಗ್ರಾಫಿಕ್ಸಿಗೆ ಹೋಗಲಿ. ಉದ್ದದ ಹೆಸರಾದರೆ ಉಚ್ಚಾರದ ತುಂಡುಗಳ ನಡುವೆ ಅಡ್ಡಗೆರೆ ಹಾಕಬಹುದು. ‘ಫಲ’ದ ಫ ಬೇರೆ, ‘ಫೋನ್’ನ ಫ ಬೇರೆ ಎಂದು ತೋರಿಸಲು ಅಕ್ಷರದ ಕೆಳಗೆ ಎರಡು ಚುಕ್ಕೆ ಇಡುವ ‘ಫ಼’, ‘ಜ಼’ ರೂಪಗಳು ಯೂನಿಕೋಡಿನಲ್ಲಿವೆ. ಆದರೆ ಮೂರು ಮೀಟರ್ ದೂರಕ್ಕೆ ಆ ಚುಕ್ಕೆ ಕಾಣುವುದಿಲ್ಲ, ಆಂಕರ್‌ಗೆ ಮೊದಲೇ ಹೇಳಿಬಿಡುವುದೇ ಸರಿ.

ಕಂಪ್ಯೂಟರಿನ ಕಡೆಯಿಂದ ಬರುವ ಎರಡು ತಾಪತ್ರಯಗಳನ್ನು ಇಲ್ಲೇ ಹೇಳಬೇಕು. ಕನ್ನಡದಲ್ಲಿ ವ್ಯಂಜನಗಳು ಹತ್ತಿರ ಬಂದರೆ ಒತ್ತಾಗಿ ಅಂಟಿಕೊಳ್ಳುತ್ತವೆ. ಅದು ಬೇಡವಾದ ಕಡೆ ಕಣ್ಣಿಗೆ ಕಾಣದ ಒಂದು ಚಿಹ್ನೆ ಇಟ್ಟು ಅವನ್ನು ದೂರವಿಡುತ್ತೇವೆ. ‘ರಾಜ್‌ಕುಮಾರ್’ ಎಂದು ಬರುವುದು ಹಾಗೆ. ಬರಹವನ್ನು ಸುದ್ದಿಮನೆಯ ತಂತ್ರಾಂಶದಿಂದ ಟಿಪಿ ತಂತ್ರಾಂಶಕ್ಕೆ ಕಳಿಸುವಾಗ ಈ ಕಾಣದ ಚಿಹ್ನೆ ಉದುರಿಹೋದರೆ ‘ರಾಜ್ಕುಮಾರ್’ ಎಂದು ಒತ್ತಾಗಿ ಕೂಡಿಕೊಂಡು ಎದುರಾಗುತ್ತದೆ. ‘ರ‍್ಯಾಲಿ’ಯಲ್ಲಿ ಇನ್ನೊಂದು ಕಾಣದ ಚಿಹ್ನೆ ಇದೆ, ಅದು ಹೋದರೆ ‘ರ್ಯಾಲಿ’ ಎಂದು ಅರ್ಕಾವೊತ್ತಿನ ರೂಪ ಬರುತ್ತದೆ. ಓದಿದರೆ ಸದ್ದು ಹೆಚ್ಚುಕಡಿಮೆ ಒಂದೇ, ಆದರೆ ಕಣ್ಣು ಪರಿಚಯದ ಆಕಾರವನ್ನು ಕಾಣದೆ ತಡವರಿಸುತ್ತದೆ. ಎರಡನೆಯದು ಹಳೆಯ ಕಾಯಿಲೆ. ಯಾರೋ ಹೊರಗಿನವರು ಹಳೆಯ ನುಡಿ ಫಾಂಟಿನಲ್ಲಿ ಟೈಪ್ ಮಾಡಿದ ಭಾಷಣ ಕಳಿಸುತ್ತಾರೆ. ಆ ಫಾಂಟ್ ಯೂನಿಕೋಡ್ ಅಲ್ಲದ್ದರಿಂದ ಟಿಪಿಯಲ್ಲಿ ‘ಕನ್ನಡ’ ಎಂಬುದು `PÀ£ÀßqÀ` ಎಂದು ಓಡುತ್ತದೆ. ಡೆಸ್ಕಿನ ಕಂಪ್ಯೂಟರಿನಲ್ಲಿ ಫಾಂಟ್ ಇರುವುದರಿಂದ ಅಲ್ಲಿ ಎಲ್ಲ ಸರಿಯಾಗಿಯೇ ಕಾಣುತ್ತದೆ, ಎಂದೇ ಡೆಸ್ಕಿನ ಪರದೆಯಲ್ಲಿ ನೋಡಿ ತೃಪ್ತರಾಗದೆ ಟಿಪಿಯ ಗಾಜಿನಲ್ಲೇ ಒಮ್ಮೆ ಮೊದಲಿನಿಂದ ಕೊನೆಯವರೆಗೆ ಓಡಿಸಿ ನೋಡಬೇಕು.

ಓಟದ ವೇಗದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಆಪರೇಟರ್ ಆಂಕರನ್ನು ಹಿಂಬಾಲಿಸಬೇಕೇ ಹೊರತು ಆಂಕರ್ ಪರದೆಯನ್ನಲ್ಲ. ಆಂಕರ್ ನಿಂತರೆ ಸಾಲೂ ನಿಲ್ಲಬೇಕು. ನಿಮಿಷಕ್ಕೆ ಇಷ್ಟು ಪದ ಎಂದು ತಂತ್ರಾಂಶ ತಾನಾಗಿ ಹಾಕುವ ಸಮಯ ಇಂಗ್ಲಿಷಿನ ಚಿಕ್ಕ ಪದಗಳಿಗೆ ಹೊಂದಿಸಿದ್ದಾದರೆ, ಉದ್ದ ಪದಗಳ ಕನ್ನಡ ಸುದ್ದಿಗೆ ಅದು ತೋರಿಸುವ ಸಮಯ ಕಡಿಮೆಯೇ. ಆಯಾ ಆಂಕರ್ ಒಂದು ಪುಟ ಓದುವುದನ್ನು ಗಡಿಯಾರ ಹಿಡಿದು ಅಳೆದು ಅಂಕಿ ಬದಲಿಸಿಕೊಳ್ಳಬೇಕು. ಪ್ರಸಾರ ಶುರುವಾದ ಮೇಲೆ ಓದುತ್ತಿರುವ ಸುದ್ದಿಯಲ್ಲಿ ಡೆಸ್ಕ್ ಕೈಯಾಡಿಸಬಾರದು, ಸಾಲುಗಳು ಆಂಕರ್ ಕಣ್ಣೆದುರೇ ಜಿಗಿಯುತ್ತವೆ.

ಈ ಯಂತ್ರ ಹುಟ್ಟಿದ್ದೇ ನಟರು ಮಾತು ಮರೆಯದಿರಲಿ ಎಂದು. 1950ರಲ್ಲಿ ನ್ಯೂಯಾರ್ಕಿನಲ್ಲಿ ನಟ ಫ್ರೆಡ್ ಬಾರ್ಟನ್ ಅವರ ಬೇಡಿಕೆಗೆ ಎಂಜಿನಿಯರ್ ಹ್ಯೂಬರ್ಟ್ ಶ್ಲಾಫ್ಲಿ ಮತ್ತು ಇರ್ವಿಂಗ್ ಕಾನ್ ಸೇರಿ, ಮೋಟಾರಿನಿಂದ ಸುತ್ತುವ ಕಾಗದದ ಸುರುಳಿಯನ್ನು ಕ್ಯಾಮೆರಾದ ಪಕ್ಕ ನಿಲ್ಲಿಸಿದರು. ಕಾಗದ ಹೋಗಿ ಗಾಜು ಬಂದಿದ್ದರೂ ಓದುವವರ ಮೇಜಿನ ಮೇಲೆ ಕಾಗದ ಇಂದಿಗೂ ಇದೆ, ಇರಬೇಕು. 1993ರ ಸೆಪ್ಟೆಂಬರ್‌ನಲ್ಲಿ ಅಮೆರಿಕದ ಅಧ್ಯಕ್ಷ ಬಿಲ್ ಕ್ಲಿಂಟನ್ ಆರೋಗ್ಯ ವ್ಯವಸ್ಥೆಯ ಬಗ್ಗೆ ಸಂಸತ್ತಿನ ಮುಂದೆ ಮಾತನಾಡಲು ನಿಂತಾಗ ಪ್ರಾಂಪ್ಟರಿನಲ್ಲಿ ಓಡುತ್ತಿದ್ದದ್ದು ಬೇರೆಯದೇ ಭಾಷಣ. ಸಹಾಯಕರು ಸರಿಪಡಿಸುವವರೆಗೆ ಸುಮಾರು ಏಳು ನಿಮಿಷ ಅವರು ನೆನಪಿನಿಂದಲೂ ಕಾಗದದಿಂದಲೂ ನಡೆಸಿಕೊಂಡು ಹೋದರು.

ಎಲ್ಲರಿಗೂ ಆ ನೆನಪಿನ ಶಕ್ತಿ ಇರುವುದಿಲ್ಲವಾದ್ದರಿಂದ ಕಾಗದವನ್ನಾದರೂ ಸರಿಯಾಗಿ ಸಿದ್ಧ ಮಾಡಬಹುದು. ಒಂದು ಹಾಳೆಗೆ ಒಂದೇ ಸುದ್ದಿ, ಒಂದೇ ಮಗ್ಗುಲಿಗೆ ಅಚ್ಚು, ಟಿಪಿಯಲ್ಲಿರುವ ಅದೇ ಸಾಲು ಅದೇ ಓರೆಗೆರೆ, ಮೂಲೆಯಲ್ಲಿ ದಪ್ಪ ಅಂಕಿಯಲ್ಲಿ ಪುಟಸಂಖ್ಯೆ. ಪಿನ್ ಹೊಡೆಯಬಾರದು, ತಿರುವುವಾಗ ಮೈಕಿಗೆ ಸದ್ದು ಕೇಳಿಸುತ್ತದೆ. ಬಿಡಿ ಹಾಳೆಯನ್ನು ಪಕ್ಕಕ್ಕೆ ಸರಿಸಿದರೆ ಕೇಳಿಸುವುದಿಲ್ಲ. ಟಿಪಿ ಚೆನ್ನಾಗಿ ಓಡುತ್ತಿರುವಾಗಲೂ ಪ್ರತಿ ಸುದ್ದಿ ಮುಗಿದ ಕೂಡಲೇ ಒಂದು ಹಾಳೆ ಸರಿಸುತ್ತಿರಬೇಕು. ಪರದೆ ಕಪ್ಪಾದ ಕ್ಷಣ ತಲೆ ತಗ್ಗಿಸಿದರೆ ಕೈಯಲ್ಲಿರುವುದು ಅದೇ ಸುದ್ದಿಯಾಗಿರುತ್ತದೆ.